ತಿರುಗುವ ತಟ್ಟೆಯ ಮೇಲೆ ನಾಣ್ಯ ಎಲ್ಲಿವರೆಗೆ ಕೂರುತ್ತದೆ? ಅಳೆಯುವುದು ಹೀಗೆ

ಪಿಯುಸಿ ಭೌತಶಾಸ್ತ್ರದಲ್ಲಿ ಒಂದು ಲೆಕ್ಕ ಬರುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆ. ಒಂದು ನಾಣ್ಯ ಕೇಂದ್ರದಿಂದ 4 ಸೆಂ.ಮೀ. ದೂರ, ಇನ್ನೊಂದು 14 ಸೆಂ.ಮೀ. ದೂರ. ಘರ್ಷಣಾ ಗುಣಾಂಕ 0.15. ಗಡಿ 12 ಸೆಂ.ಮೀ. ಹತ್ತಿರ ಬರುತ್ತದೆ, ಹಾಗಾಗಿ ಒಳಗಿನದು ಕೂರುತ್ತದೆ, ಹೊರಗಿನದು ಜಾರುತ್ತದೆ. ಇದನ್ನೇ ಮನೆಯ ರೆಕಾರ್ಡ್ ಪ್ಲೇಯರ್ ಮೇಲೆ ಮಾಡಿ ನೋಡಿದವರಿಗೆ ಎರಡೂ ನಾಣ್ಯ ಆರಾಮಾಗಿ ಸುತ್ತುವುದು ಕಾಣುತ್ತದೆ. ಲೆಕ್ಕ ತಪ್ಪಿಲ್ಲ. ಮನೆಯಲ್ಲಿ ಸಿಗುವ ಮೇಲ್ಮೈಗಳಿಗೆ ಹಿಡಿತ ಅದಕ್ಕಿಂತ ಜಾಸ್ತಿ, ಅಷ್ಟೆ. ರಬ್ಬರ್ ಹಾಸಿನ ಮೇಲಂತೂ ಪ್ರಯತ್ನಿಸಲೇಬೇಡಿ.

ಮೊದಲು ತಟ್ಟೆ ಸಿದ್ಧಮಾಡಿ. ಹಾಸು ತೆಗೆದು ನಯವಾದ ಗಟ್ಟಿ ಕಾಗದದ ವೃತ್ತ ಅಂಟಿಸಿ, ಅದರ ಮೇಲೆ ಕೈವಾರದಿಂದ ಒಂದೊಂದು ಸೆಂ.ಮೀ.ಗೆ ಒಂದರಂತೆ ವೃತ್ತ ಎಳೆಯಿರಿ. ಸೂಜಿಯ ಕೈಯನ್ನು ಕಟ್ಟಿಬಿಡಿ, ಇಲ್ಲದಿದ್ದರೆ ಜಾರಿದ ನಾಣ್ಯ ಸೀದಾ ಸೂಜಿಗೆ ಬಡಿಯುತ್ತದೆ. ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ತಟ್ಟೆ ರೆಕಾರ್ಡ್‌ಗಿಂತ ಚಿಕ್ಕದಿರುತ್ತದೆ, ಹೊರಚಾಚಿದ ಕಾಗದ ಅಲುಗಾಡುತ್ತದೆ. ಅವು ಈ ಕೆಲಸಕ್ಕೆ ಬೇಡ. ಕೇಕ್ ಅಲಂಕರಿಸುವ, ಕೈಯಲ್ಲಿ ತಿರುಗಿಸುವ ತಟ್ಟೆಯೂ ಬೇಡ. ಅದಕ್ಕೆ ಒಂದೇ ವೇಗ ಅನ್ನುವುದೇ ಇಲ್ಲ.

ಈಗ ಘರ್ಷಣಾ ಗುಣಾಂಕ. ಅದೇ ಕಾಗದವನ್ನು ಒಂದು ಹಲಗೆಗೆ ಅಂಟಿಸಿ, ಅದೇ ನಾಣ್ಯ ಇಟ್ಟು, ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ನಾಣ್ಯ ಜಾರಿದ ಕ್ಷಣ ನಿಲ್ಲಿಸಿ, ತುದಿಯ ಎತ್ತರವನ್ನು ಮೇಜಿನ ಮೇಲಿನ ಅಡ್ಡದೂರದಿಂದ ಭಾಗಿಸಿ. ಅಡ್ಡದೂರ 30 ಸೆಂ.ಮೀ., ಎತ್ತರ 9 ಸೆಂ.ಮೀ. ಬಂತು ಅನ್ನಿ, ಗುಣಾಂಕ 0.3. ಉಳಿದ ಲೆಕ್ಕಕ್ಕೆ ಒಂದೇ ಸೂತ್ರ:

r = μg/ω²

ಇಲ್ಲಿ r ಅಂದರೆ ಕೇಂದ್ರದಿಂದ ಗಡಿಯ ದೂರ, μ ಘರ್ಷಣಾ ಗುಣಾಂಕ, g ಗುರುತ್ವ ವೇಗೋತ್ಕರ್ಷ, ω ತಟ್ಟೆ ತಿರುಗುವ ಕೋನೀಯ ವೇಗ.

ನಿಮಿಷಕ್ಕೆ 45 ಸುತ್ತು ಅಂದರೆ ω ಸೆಕೆಂಡಿಗೆ 4.71 ರೇಡಿಯನ್. 0.3 × 9.8 ÷ 22.2 ಮಾಡಿದರೆ 0.132 ಮೀಟರ್, ಅಂದರೆ 13.2 ಸೆಂ.ಮೀ. ಇದು 15 ಸೆಂ.ಮೀ. ತ್ರಿಜ್ಯದ ತಟ್ಟೆಯೊಳಗೇ ಇದೆ. 33⅓ ಸುತ್ತಿಗಾದರೆ 24 ಸೆಂ.ಮೀ. ಬರುತ್ತದೆ, ತಟ್ಟೆಯ ಆಚೆಗೆ! ಅದಕ್ಕೇ ಅಲ್ಲಿ ಏನೂ ಜಾರುವುದಿಲ್ಲ.

ಎಲ್ಲರೂ ಕೆಡಿಸಿಕೊಳ್ಳುವುದು ಮುಂದಿನ ಹಂತದಲ್ಲಿ. ತಿರುಗುತ್ತಿರುವ ತಟ್ಟೆಯ ಮೇಲೆ ಬೆರಳಿಂದ ನಾಣ್ಯ ಇಡುತ್ತಾರೆ. ನಿಂತಿರುವ ನಾಣ್ಯ ಓಡುತ್ತಿರುವ ಕಾಗದವನ್ನು ಮುಟ್ಟಿದರೆ ಮೊದಲ ಕ್ಷಣದಿಂದಲೇ ಜಾರುತ್ತಿರುತ್ತದೆ. ಜಾರುವಾಗಿನ ಘರ್ಷಣೆ ಕೂತಿರುವಾಗಿನದಕ್ಕಿಂತ ಕಡಿಮೆ, ಹಾಗಾಗಿ 10 ಸೆಂ.ಮೀ.ನಲ್ಲಿ ಕೂರಬೇಕಾದದ್ದೂ ಹಾರಿಹೋಗಬಹುದು. ನಿಂತ ತಟ್ಟೆಯ ಮೇಲೇ ಇಡಿ. ಹಾಗಂತ ಒಮ್ಮೆಲೇ 45ಕ್ಕೆ ಸ್ವಿಚ್ ಹಾಕಬೇಡಿ. ತಟ್ಟೆ ಎಳೆದುಕೊಂಡು ಹೊರಟರೆ ನಾಣ್ಯದ ಹಿಡಿತದಲ್ಲಿ ಒಂದು ಪಾಲು ಅದನ್ನು ಮುಂದಕ್ಕೆ ಒಯ್ಯಲು ಖರ್ಚಾಗುತ್ತದೆ, ಕೇಂದ್ರದ ಕಡೆ ಹಿಡಿದಿಡಲು ಉಳಿಯುವುದು ಕಡಿಮೆ. ಮೊದಲು 33ರಲ್ಲಿ ಓಡಿಸಿ, ತಟ್ಟೆ ಹದಕ್ಕೆ ಬಂದ ಮೇಲೆ 45ಕ್ಕೆ ಬದಲಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ದೂರವನ್ನು ನಾಣ್ಯದ ಅಂಚಿಂದಲ್ಲ, ನಡುಬಿಂದುವಿಂದ ಅಳೆಯಿರಿ. 10 ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಅಂಚು ಹಿಡಿದರೆ 1.35 ಸೆಂ.ಮೀ. ಎಡವಟ್ಟು, ಅಂದರೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಇಟ್ಟ ಮೇಲೆ ಸುತ್ತ ಪೆನ್ಸಿಲ್ ಗೆರೆ ಹಾಕಿ. ನಾಣ್ಯ ಯಾವಾಗಲೂ ಹಾರಿಯೇ ಹೋಗಬೇಕೆಂದಿಲ್ಲ, ಮೋಟಾರಿನ ನಡುಕಕ್ಕೆ ಕೂದಲೆಳೆಯಷ್ಟು ಸರಿಯುತ್ತಿರಬಹುದು, ಗೆರೆ ಇಲ್ಲದಿದ್ದರೆ ಗೊತ್ತಾಗುವುದಿಲ್ಲ.

10 ಸೆಂ.ಮೀ.ನಿಂದ ಶುರುಮಾಡಿ ಒಂದೊಂದೇ ಸೆಂ.ಮೀ. ಹೊರಗೆ ಹೋಗಿ, ಜಾರಿದ ಜಾಗದಿಂದ ಅರ್ಧರ್ಧ ಹಿಂದೆ ಬನ್ನಿ. ಕೊನೆಗೆ ಕೈಯಲ್ಲಿ ಎರಡು ಅಂಕಿ ಇರಬೇಕು: ಕೂತ ಅತಿ ದೊಡ್ಡ ದೂರ, ಜಾರಿದ ಅತಿ ಚಿಕ್ಕ ದೂರ. ಗಡಿ ಇವೆರಡರ ಮಧ್ಯೆ ಇದೆ. 13.2 ಅಂತ ಒಂದೇ ಅಂಕಿ ಬರೆದು ಕೂರುವುದು ಸುಮ್ನೆ ಜಂಬ. ನಡುನಡುವೆ ನಾಣ್ಯವನ್ನೂ ಕಾಗದವನ್ನೂ ಒಣಬಟ್ಟೆಯಿಂದ ಒರೆಸಿ, ಬೆರಳಿನ ಜಿಡ್ಡು ಅಂಕಿ ಬದಲಿಸುತ್ತದೆ.

ಹಲಗೆಯ ಲೆಕ್ಕಕ್ಕೂ ತಟ್ಟೆಯ ಗಡಿಗೂ ತಾಳೆಯಾಗದಿದ್ದರೆ ಮೊದಲು ವೇಗ ನೋಡಿ. ಅಂಚಿಗೆ ಒಂದು ಬಿಂದಿ ಅಂಟಿಸಿ ಒಂದು ನಿಮಿಷದ ಸುತ್ತು ಎಣಿಸಿ. ಸೂತ್ರದಲ್ಲಿ ವೇಗದ ವರ್ಗ ಇರುವುದರಿಂದ 45ರ ಬದಲು 47 ಓಡಿದರೂ ಗಡಿ 13.2ರಿಂದ 12.1ಕ್ಕೆ ಇಳಿಯುತ್ತದೆ. ಆಮೇಲೆ ಓರೆ. ನಾಣ್ಯ ಪ್ರತಿ ಸಲವೂ ಕೋಣೆಯ ಒಂದೇ ದಿಕ್ಕಿಗೆ ಬೀಳುತ್ತಿದ್ದರೆ ಪ್ಲೇಯರ್ ಆ ಕಡೆ ವಾಲಿದೆ ಎಂದರ್ಥ, ಕಾಲ ಕೆಳಗೆ ಮಡಿಸಿದ ಕಾಗದ ಇಟ್ಟು ಸಮ ಮಾಡಿ. ನಾಣ್ಯದ ತೂಕವನ್ನು ದೂರಬೇಡಿ, ಸೂತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ನಂಬಿಕೆ ಬಾರದಿದ್ದರೆ ಎರಡು ನಾಣ್ಯ ಒಂದರ ಮೇಲೊಂದು ಅಂಟಿಸಿ ಇಟ್ಟು ನೋಡಿ, ಗಡಿ ಅಲ್ಲೇ ಇರುತ್ತದೆ.

ಪ್ಲೇಯರ್‌ನಲ್ಲಿ 78ರ ವೇಗವೂ ಇದ್ದರೆ ಅದರಲ್ಲೂ ಅಳೆಯಿರಿ. ಅಲ್ಲಿ ಗಡಿ 4.4 ಸೆಂ.ಮೀ., 45ರಲ್ಲಿ ಬಂದದ್ದರ ಹೆಚ್ಚುಕಡಿಮೆ ಮೂರನೇ ಒಂದು ಭಾಗ.