ಟ್ಯಾಕೊ ಇರುವ ಸರ್ವೊ ಲೆಕ್ಕ: ಬ್ಲಾಕ್ ಡಯಾಗ್ರಾಂ ಬಿಟ್ಟು ಬಿಡಿಸಿದ ನನ್ನ ಅನುಭವ

ಟ್ಯಾಕೊಮೀಟರ್ ಫೀಡ್‌ಬ್ಯಾಕ್ ಇರುವ ಸರ್ವೊ ಲೆಕ್ಕವನ್ನು ಬ್ಲಾಕ್ ಡಯಾಗ್ರಾಂ ಕುಗ್ಗಿಸದೆ, ಟಾರ್ಕ್ ಸಮೀಕರಣ ಒಂದರಿಂದಲೇ ಬಿಡಿಸಿ ಅಂತ ನಾನು ಪಾಠದಲ್ಲಿ ಹೇಳತೊಡಗಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಸಾರ್, ಡಯಾಗ್ರಾಂ ಇಲ್ದಿದ್ರೆ ಸ್ಟೆಪ್ ಮಾರ್ಕ್ಸ್ ಹೋಗುತ್ತೆ, ಹುಡುಗರಿಗೆ ಯಾಕೆ ರಿಸ್ಕು?" ಅಂದರು ಒಬ್ಬರು. ಈಗ ಅವರೇ ತಮ್ಮ ಕ್ಲಾಸಿನಲ್ಲಿ ಇದನ್ನೇ ಹೇಳಿಕೊಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಹೀಗಿದೆ. ಆರ್ಮೇಚರ್ ಕಡೆಯಿಂದ ನಿಯಂತ್ರಿಸುವ ಡಿಸಿ ಮೋಟಾರ್. ಆರ್ಮೇಚರ್ ರೆಸಿಸ್ಟೆನ್ಸ್ 2 ಓಮ್, ಟಾರ್ಕ್ ಕಾನ್‌ಸ್ಟಂಟ್ ಮತ್ತು ಬ್ಯಾಕ್ ಇಎಂಎಫ್ ಕಾನ್‌ಸ್ಟಂಟ್ ಎರಡೂ 0.1. ಇಂಡಕ್ಟನ್ಸ್, ಘರ್ಷಣೆ ಲೆಕ್ಕಕ್ಕಿಲ್ಲ. ಮೋಟಾರಿನ ಇನರ್ಷಿಯಾ 0.0005, ಲೋಡಿನದು 0.05 ಕೆಜಿ ಚದರ ಮೀಟರ್. ನಡುವೆ 10:1 ಗೇರು, ಲೋಡು ನಿಧಾನ ತಿರುಗುತ್ತದೆ. ಲೋಡ್ ಶಾಫ್ಟಿನ ಎರರನ್ನು ಅಳೆಯುವ ಪೊಟೆನ್ಶಿಯೋಮೀಟರ್ ಜೋಡಿ ಒಂದು ರೇಡಿಯನ್‌ಗೆ 5 ವೋಲ್ಟ್ ಕೊಡುತ್ತದೆ. ಟ್ಯಾಕೊ ಕೂತಿರುವುದು ಮೋಟಾರ್ ಶಾಫ್ಟಿನ ಮೇಲೆ, ಅದರ ವೋಲ್ಟೇಜನ್ನು ಆಂಪ್ಲಿಫೈಯರ್ ಇನ್‌ಪುಟ್‌ನಲ್ಲಿ ಕಳೆಯುತ್ತೇವೆ. ಡ್ಯಾಂಪಿಂಗ್ ರೇಶಿಯೊ 0.7, ನ್ಯಾಚುರಲ್ ಫ್ರೀಕ್ವೆನ್ಸಿ ಸೆಕೆಂಡಿಗೆ 20 ರೇಡಿಯನ್ ಬೇಕು. ಆಂಪ್ಲಿಫೈಯರ್ ಗೇನ್ KA ಎಷ್ಟು, ಟ್ಯಾಕೊ ಕಾನ್‌ಸ್ಟಂಟ್ KT ಎಷ್ಟು?

ಡಯಾಗ್ರಾಂ ದಾರಿ ತಪ್ಪು ಅಂತಲ್ಲ. ಆದರೆ ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಲೆಕ್ಕ ಕೆಡುವುದು ಹೆಚ್ಚೂಕಡಿಮೆ ಯಾವಾಗಲೂ ಒಂದೇ ಜಾಗದಲ್ಲಿ. ಟ್ಯಾಕೊ ಕೊಂಡಿ ಗೇರಿನ ಈಚೆಯಿಂದ ಬರುತ್ತದೆ, ಪೊಸಿಷನ್ ಕೊಂಡಿ ಗೇರಿನ ಆಚೆಯಿಂದ. ಒಳಗಿನ ಲೂಪ್ ಕುಗ್ಗಿಸುವಾಗ ಆ ಹತ್ತು ಎಲ್ಲೋ ಕಳೆದುಹೋಗುತ್ತದೆ. KA ಸರಿ ಬರುತ್ತದೆ, KT ಮಾತ್ರ ಹತ್ತು ಪಟ್ಟು ಆಚೀಚೆ. ಮಾರ್ಕ್ಸ್ ಅರ್ಧಕ್ಕರ್ಧ ಹೋದಂಗೆ.

ನನ್ನ ದಾರಿಯಲ್ಲಿ ಮೊದಲು ಇನರ್ಷಿಯಾವನ್ನು ಮೋಟಾರ್ ಕಡೆಗೆ ತರಬೇಕು. ಲೋಡಿನ 0.05 ಅನ್ನು ಹತ್ತರ ವರ್ಗದಿಂದ ಭಾಗಿಸಿದರೆ 0.0005. ಮೋಟಾರಿನದು ಸೇರಿಸಿ 0.001. ಆಮೇಲೆ ಎರಡು ಸಾಲು, ಒಂದು ಟಾರ್ಕಿಗೆ, ಇನ್ನೊಂದು ಆಂಪ್ಲಿಫೈಯರಿಗೆ. ಇಲ್ಲಿ M ಮೋಟಾರ್, L ಲೋಡು, R ರೆಫರೆನ್ಸ್, ಒಮೆಗಾ ಅಂದರೆ ವೇಗ.

```
0.001·θM'' = (0.1/2)·(Va − 0.1·ωM)
Va = KA·[5(θR − θL) − KT·ωM]
```

ಈಗ θM ಇದ್ದಲ್ಲೆಲ್ಲ 10θL, ωM ಇದ್ದಲ್ಲೆಲ್ಲ 10ωL ಹಾಕಿ. ಒಂದೇ ಸಲ, ಎರಡು ಸಾಲಿಗೂ ಒಟ್ಟಿಗೆ. ಗೇರಿನ ಹತ್ತು ಕಳೆದುಹೋಗಲು ಜಾಗವೇ ಇರಲ್ಲ. ಎರಡೂ ಕಡೆ 0.01 ರಿಂದ ಭಾಗಿಸಿ, Va ಒಳಗೆ ತಂದರೆ ಇಷ್ಟು ಉಳಿಯುತ್ತದೆ:

```
θL'' + (5 + 50·KA·KT)·ωL + 25·KA·θL = 25·KA·θR

25·KA = 20² = 400           →  KA = 16
5 + 50·KA·KT = 2·0.7·20 = 28
800·KT = 23                 →  KT = 0.02875 V·s/rad
```

ಮುಗಿಯಿತು. ಉತ್ತರಕ್ಕೆ ಅರ್ಧ ಪುಟವೂ ಬೇಡ. ಡಯಾಗ್ರಾಂ ಕೇಳಿದ್ದರೆ ಕೊನೆಗೆ ಬಿಡಿಸಿ ಇಡಿ, ಆದರೆ ಅದನ್ನು ನಂಬಿ ಲೆಕ್ಕ ಮಾಡಬೇಡಿ.

ಸಮೀಕರಣದಲ್ಲಿರುವ ಆ 5 ಎಲ್ಲಿಂದ ಬಂತು ಅಂತ ಕೇಳಿದರೆ ಎಷ್ಟೋ ಹುಡುಗರು ಘರ್ಷಣೆ ಅನ್ನುತ್ತಾರೆ. ಘರ್ಷಣೆ ಇಲ್ಲ ಅಂತ ಪ್ರಶ್ನೆಯಲ್ಲೇ ಇದೆಯಲ್ಲ! ಅದು ಬ್ಯಾಕ್ ಇಎಂಎಫ್ ಕೊಡುವ ಡ್ಯಾಂಪಿಂಗ್. "ಘರ್ಷಣೆ ಇಲ್ಲ" ಅನ್ನುವ ಮಾತು ನೋಡಿದ ತಕ್ಷಣ ಅದನ್ನೂ ಹೊಡೆದು ಹಾಕುವವರಿದ್ದಾರೆ. ಹಾಗೆ ಮಾಡಿದರೆ KT 0.035 ಬರುತ್ತದೆ. ಇದು ಕೆಟ್ಟ ತಪ್ಪು, ಯಾಕೆಂದರೆ ಉತ್ತರ ನೋಡಲು ಸಂಭಾವಿತವಾಗಿಯೇ ಇರುತ್ತದೆ.

ಉತ್ತರ ಸರಿಯೋ ಅಂತ ಹೇಗೆ ಗೊತ್ತಾಗಬೇಕು? ನಾನು ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು, KT ಯನ್ನು ಟ್ಯಾಕೊ ಮಾರುವವರ ಲೆಕ್ಕಕ್ಕೆ ತಿರುಗಿಸಿ ನೋಡುವುದು. ಸಾವಿರ ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 104.7 ರೇಡಿಯನ್. 0.02875 ಇಂಟು 104.7, ಹತ್ತಿರ ಹತ್ತಿರ 3 ವೋಲ್ಟ್. ಸಾವಿರ ಆರ್‌ಪಿಎಂಗೆ 3 ವೋಲ್ಟ್ ಕೊಡುವ ಟ್ಯಾಕೊ ನಿಜವಾಗಿಯೂ ಸಿಗುವ ವಸ್ತು. ಹತ್ತು ಪಟ್ಟು ತಪ್ಪಿದ್ದರೆ 30 ವೋಲ್ಟೋ 0.3 ವೋಲ್ಟೋ ಬಂದು, ಇಷ್ಟು ಸಣ್ಣ ಮೋಟಾರಿನ ಹಿಂದೆ ಇದು ಯಾಕೋ ಸರಿಯಿಲ್ಲ ಅನ್ನಿಸುತ್ತದೆ.

ಎರಡನೆಯದು ನನಗೆ ಇನ್ನೂ ಇಷ್ಟ. ಲೋಡು ಸೆಕೆಂಡಿಗೆ 1 ರೇಡಿಯನ್ ವೇಗದಲ್ಲಿ ರೆಫರೆನ್ಸ್ ಹಿಂದೆ ಸಾಗುತ್ತಿದೆ ಅಂದುಕೊಳ್ಳಿ. ಮೋಟಾರಿನ ವೇಗ 10. ಬ್ಯಾಕ್ ಇಎಂಎಫ್ 1 ವೋಲ್ಟ್. ಘರ್ಷಣೆ ಇಲ್ಲದ್ದರಿಂದ ಕರೆಂಟ್ ಸೊನ್ನೆ, ಅಂದರೆ ಆಂಪ್ಲಿಫೈಯರ್ ಕೊಡಬೇಕಾದ್ದೂ 1 ವೋಲ್ಟೇ. ಹದಿನಾರರಿಂದ ಭಾಗಿಸಿ, ಇನ್‌ಪುಟ್‌ನಲ್ಲಿ 0.0625. ಟ್ಯಾಕೊ ಕಳೆಯುವುದು 0.2875. ಎರಡೂ ಸೇರಿ ಪೊಟೆನ್ಶಿಯೋಮೀಟರ್ ಒದಗಿಸಬೇಕಾದ್ದು 0.35 ವೋಲ್ಟ್. ಐದರಿಂದ ಭಾಗಿಸಿದರೆ ಎರರ್ 0.07 ರೇಡಿಯನ್, ಅಂದಾಜು 4 ಡಿಗ್ರಿ. ಈಗ ಸೂತ್ರದಿಂದ ನೋಡಿ: 28 ಭಾಗಿಸು 400, ಅದೇ 0.07. ಈ ಎರಡು ಕೂಡಿಬಂದರೆ ಉತ್ತರದ ಬಗ್ಗೆ ಅನುಮಾನವೇ ಬೇಡ. ಜೊತೆಗೆ ಇನ್ನೊಂದು ವಿಷಯವೂ ಕಾಣುತ್ತದೆ. ಆ 0.35 ರಲ್ಲಿ ಬಹುಪಾಲು ತಿಂದದ್ದು ಟ್ಯಾಕೊ. ಡ್ಯಾಂಪಿಂಗ್ ಪುಕ್ಕಟೆ ಬರಲ್ಲ, ರ‍್ಯಾಂಪಿನಲ್ಲಿ ಹಿಂದೆ ಬೀಳಬೇಕಾಗುತ್ತದೆ.

ಹಾಗಂತ ಟ್ಯಾಕೊ ತೆಗೆದರೆ? KA 16 ಇಟ್ಟುಕೊಂಡರೆ ಡ್ಯಾಂಪಿಂಗ್ 0.125ಕ್ಕೆ ಬೀಳುತ್ತದೆ. ಗೇನ್ ಇಳಿಸಿಯೇ 0.7 ತರುತ್ತೇನೆ ಅಂದರೆ KA 0.5ರ ಆಸುಪಾಸಿಗೆ ಬರಬೇಕು, ಆಗ ಎರರ್ 0.39 ರೇಡಿಯನ್, 22 ಡಿಗ್ರಿ ದಾಟುತ್ತದೆ. ಟ್ಯಾಕೊ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಈ ಎರಡು ಅಂಕಿ ಬರೆದರೆ ಸಾಕು.

ಕಾಗದದ ಮೇಲೆ ಬಂದದ್ದನ್ನು ನಂಬದವರಿಗೋಸ್ಕರ ಬೆಂಚಿನ ಮೇಲೂ ಕಟ್ಟಿದೆ. ಟ್ಯಾಕೊ ಸಮೇತ ಬರುವ ಮೋಟಾರಿನ ಬೆಲೆ ಸಾದಾ ಮೋಟಾರಿನ ಮೂರು ಪಟ್ಟಿನ ಹತ್ತಿರ ಇತ್ತು. ದುಡ್ಡು ನನ್ನ ಜೇಬಿನದು. ಅದಕ್ಕೆ ಇನ್ನೊಂದು ಸಣ್ಣ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರನ್ನೇ ಹಿಂಬದಿಗೆ ಜೋಡಿಸಿ ಜನರೇಟರ್ ಮಾಡಿಕೊಂಡೆ. ಸಾವಿರ ಆರ್‌ಪಿಎಂಗೆ ನಾಲ್ಕು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಬಂತು. ಒಂದು ಪ್ರೀಸೆಟ್ ಹಾಕಿ ಮೂರಕ್ಕೆ ಇಳಿಸಿದೆ. ಇಂಥ ಮೋಟಾರಿನ ಕಮ್ಯುಟೇಟರಿನಲ್ಲಿ ಸೆಗ್‌ಮೆಂಟುಗಳು ಕಮ್ಮಿ, ಹಾಗಾಗಿ ರಿಪಲ್ ವಿಪರೀತ. ಅದನ್ನು ಹದಿನಾರು ಪಟ್ಟು ಮಾಡಿದರೆ ಮೋಟಾರ್ ಸುಮ್ನೆ ನಿಲ್ಲುತ್ತಾ?

ಫಿಲ್ಟರ್ ಹಾಕಿ ಅಂತ ಎಲ್ಲರೂ ಹೇಳಿದರು. 50 ಮಿಲಿಸೆಕೆಂಡ್ ಟೈಮ್ ಕಾನ್‌ಸ್ಟಂಟಿನ ಆರ್‌ಸಿ ಫಿಲ್ಟರ್ ಹಾಕಿದಾಗ ರಿಪಲ್ ಹೋಯಿತು, ಜೊತೆಗೆ ಡ್ಯಾಂಪಿಂಗೂ ಹೋಯಿತು. ಟ್ಯಾಕೊ ಸಿಗ್ನಲ್ ತಡವಾಗಿ ಬಂದರೆ ಬ್ರೇಕ್ ಬೀಳುವುದೂ ತಡವಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಸಮೀಕರಣ ಮೂರನೇ ಘಾತಕ್ಕೆ ಏರಿ, ತೂಗಾಡುವ ಜೋಡಿಯ ಡ್ಯಾಂಪಿಂಗ್ ಸುಮಾರು 0.27. 2 ಮಿಲಿಸೆಕೆಂಡಿಗೆ ಇಳಿಸಿದ ಮೇಲೆ ಲೂಪಿಗೆ ಫಿಲ್ಟರ್ ಇದ್ದದ್ದೇ ಗೊತ್ತಾಗಲಿಲ್ಲ. ಉಳಿದ ರಿಪಲ್ಲನ್ನು ಕಪ್ಲಿಂಗ್ ಕೂರಿಸುವ ರೀತಿಯಲ್ಲೇ ಕಮ್ಮಿ ಮಾಡಿದೆ. ಅದು ಹೇಗೆ ಅಂತ ಇಲ್ಲಿ ಹೇಳಲ್ಲ, ಸ್ವಲ್ಪ ನನ್ನ ಹತ್ತಿರವೂ ಇರಲಿ.

ಟ್ಯಾಕೊ ವೈರು ತಿರುವುಮುರುವಾದರೆ ಏನಾಗುತ್ತದೆ ಅಂತಲೂ ಬೇಕಂತಲೇ ನೋಡಿದೆವು. 5 ಕೂಡಿಸು 23 ಇದ್ದದ್ದು 5 ಕಳೆ 23 ಆಗುತ್ತದೆ, ಅಂದರೆ ಮೈನಸ್ 18. ಲೋಡು ತೂಗುತ್ತಾ ತೂಗುತ್ತಾ ದೊಡ್ಡದಾಗಿ, ಪೊಟೆನ್ಶಿಯೋಮೀಟರಿನ ಕೊನೆಗೆ ಹೋಗಿ ಬಡಿಯಿತು. ಇದನ್ನು ಮೊದಲೇ ಪತ್ತೆ ಮಾಡಲು ಪೊಸಿಷನ್ ಕೊಂಡಿ ಕಳಚಿ, ಪವರ್ ಕೊಟ್ಟು, ಮೋಟಾರ್ ಶಾಫ್ಟನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ವೈರು ಸರಿ ಇದ್ದರೆ ಶಾಫ್ಟು ಹರಳೆಣ್ಣೆಯಲ್ಲಿ ಅದ್ದಿಟ್ಟ ಹಾಗೆ ಬಿಗಿಯಾಗಿ ತಿರುಗುತ್ತದೆ. ತಿರುವುಮುರುವಾಗಿದ್ದರೆ ಮುಟ್ಟಿದ್ದೇ ತಡ ಪೂರ್ತಿ ವೇಗಕ್ಕೆ ಓಡುತ್ತದೆ. ಬೆರಳು ಜೋಪಾನ.

ವೈರು ಸರಿ ಮಾಡಿ 10 ಡಿಗ್ರಿ ಸ್ಟೆಪ್ ಕೊಟ್ಟಾಗ ಓವರ್‌ಶೂಟ್ ಐದು ಪರ್ಸೆಂಟಿನ ಆಸುಪಾಸು ಬಂತು. 0.7 ಡ್ಯಾಂಪಿಂಗಿಗೆ ಪುಸ್ತಕದ ಲೆಕ್ಕ 4.6. ಅನುಮಾನ ಪಟ್ಟವರಿಗೆ ಅಲ್ಲೇ ತೋರಿಸಿದೆ. 60 ಡಿಗ್ರಿ ಕೊಟ್ಟರೆ ಮಾತ್ರ ಈ ಲೆಕ್ಕ ನಡೆಯಲ್ಲ. ಒಂದು ರೇಡಿಯನ್ ಎರರಿಗೆ ಆಂಪ್ಲಿಫೈಯರ್ 80 ವೋಲ್ಟ್ ಕೊಡಬೇಕು, ನನ್ನ ಸಪ್ಲೈ ಇದ್ದದ್ದು 24. ಸುಮಾರು 17 ಡಿಗ್ರಿ ದಾಟಿದ ಸ್ಟೆಪ್ಪಿಗೆ ಆಂಪ್ಲಿಫೈಯರ್ ಸ್ಯಾಚುರೇಟ್ ಆಗುತ್ತದೆ. ಪ್ರಶ್ನೆ ಪತ್ರಿಕೆಯಲ್ಲಿ ಇದನ್ನು ಯಾರೂ ಬರೆಯಲ್ಲ.

ಕೊನೆಯದಾಗಿ, ವೈವಾದಲ್ಲಿ ಕೇಳುವ ಒಂದು ಪ್ರಶ್ನೆ. KT ಹಾಗೇ ಬಿಟ್ಟು KA ಒಂದನ್ನೇ ದುಪ್ಪಟ್ಟು ಮಾಡಿದರೆ ಡ್ಯಾಂಪಿಂಗ್ ಏನಾಗುತ್ತೆ? "ಗೇನ್ ಜಾಸ್ತಿ ಆದ್ರೆ ಡ್ಯಾಂಪಿಂಗ್ ಕಮ್ಮಿ ಆಗುತ್ತೆ ಸಾರ್" ಅಂತ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ಸಮೀಕರಣ ನೋಡಿ. KA ಎರಡು ಕಡೆ ಇದೆ. 32 ಹಾಕಿದರೆ ನ್ಯಾಚುರಲ್ ಫ್ರೀಕ್ವೆನ್ಸಿ 28.3, ನಡುವಿನ ಪದ 51, ಡ್ಯಾಂಪಿಂಗ್ 0.9. ಏರಿತು! 8ಕ್ಕೆ ಇಳಿಸಿದರೆ 0.58. ಟ್ಯಾಕೊ ವೋಲ್ಟೇಜೂ ಅದೇ ಆಂಪ್ಲಿಫೈಯರ್ ಮೂಲಕ ಹೋಗುವುದರಿಂದ ಹೀಗಾಗುತ್ತದೆ. ಬೆಂಚಿನ ಮೇಲೆ ದುಪ್ಪಟ್ಟು ಮಾಡಿದಾಗ ಓವರ್‌ಶೂಟ್ ಕಾಣೆಯಾಯಿತು, ಆದರೆ ಗೇರಿನ ಕಡೆಯಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ನಾವು ಲೆಕ್ಕಕ್ಕಿಲ್ಲ ಅಂತ ಬಿಟ್ಟ ಇಂಡಕ್ಟನ್ಸ್, ಕಪ್ಲಿಂಗಿನ ತಿರುಚು, ಫಿಲ್ಟರಿನ ಆ 2 ಮಿಲಿಸೆಕೆಂಡ್ ಎಲ್ಲ ಅಷ್ಟು ಗೇನಿನಲ್ಲಿ ಲೆಕ್ಕಕ್ಕೆ ಬರುತ್ತವೆ. ನಾನು 20ರ ಮೇಲೆ ಹೋಗುವುದಿಲ್ಲ.