ಅರ್ಧ ಸೆಮಿಸ್ಟರ್‌ನಲ್ಲಿ ವೇಟೇಜ್ ಬದಲಾದರೆ ಅಂಕದ ಲೆಕ್ಕ ಹೇಗೆ?

ಸೆಮಿಸ್ಟರ್ ಅರ್ಧ ಮುಗಿದಾಗ ಡಿಪಾರ್ಟ್‌ಮೆಂಟ್‌ನಿಂದ ಸರ್ಕ್ಯುಲರ್ ಬರುತ್ತದೆ: ಟೆಸ್ಟ್‌ಗಳ ವೇಟೇಜ್ ಇಳಿದಿದೆ, ಅಸೈನ್‌ಮೆಂಟ್‌ದು ಏರಿದೆ. ಆಗ ಹೆಚ್ಚಿನವರು ಪೋರ್ಟಲ್‌ನಲ್ಲಿ ಕಾಣುವ ಹಳೆಯ ಅಂಕವನ್ನೇ ಹೊಸ ಲೆಕ್ಕಕ್ಕೆ ತುರುಕಿಬಿಡುತ್ತಾರೆ. ಎಡವುವುದು ಅಲ್ಲೇ.

ಮೊದಲು ಸರ್ಕ್ಯುಲರ್ ಪೂರ್ತಿ ಓದಿ. ನಿಮ್ಮ ಬ್ಯಾಚ್‌ಗೆ ಅನ್ವಯಿಸುತ್ತದಾ, ಆಗಲೇ ಬರೆದ ಟೆಸ್ಟ್‌ಗೂ ಅನ್ವಯಿಸುತ್ತದಾ ನೋಡಿ. ಸ್ಪಷ್ಟವಿಲ್ಲದಿದ್ದರೆ ಎಚ್‌ಒಡಿಗೆ ಇಮೇಲ್ ಮಾಡಿ ಕೇಳಿ. ಕಾರಿಡಾರಿನಲ್ಲಿ ಸಿಕ್ಕ ಉತ್ತರ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ ಅಂದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಎರಡು ಟೆಸ್ಟ್‌ಗೆ 20-20, ಎರಡು ಅಸೈನ್‌ಮೆಂಟ್‌ಗೆ 5-5, ಕೊನೆಯ ಪರೀಕ್ಷೆಗೆ 50. ಹೊಸದರಲ್ಲಿ ಟೆಸ್ಟ್‌ಗೆ 15-15, ಅಸೈನ್‌ಮೆಂಟ್‌ಗೆ 10-10, ಪರೀಕ್ಷೆಗೆ ಅದೇ 50. ಪರೀಕ್ಷೆ ಬರೆಯುವುದು 100ಕ್ಕೆ, ಆಮೇಲೆ ಅರ್ಧಕ್ಕೆ ಇಳಿಸುತ್ತಾರೆ. ಅವಳಿಗೆ ಮೊದಲ ಟೆಸ್ಟ್‌ನಲ್ಲಿ 40ಕ್ಕೆ 33, ಮೊದಲ ಅಸೈನ್‌ಮೆಂಟ್‌ನಲ್ಲಿ 10ಕ್ಕೆ 6 ಬಂದಿದೆ.

ಇಲ್ಲಿ ನಿಧಾನ ಮಾಡಿ. ಹಳೆಯ ವೇಟೇಜ್‌ನಲ್ಲಿ 33 ಅಂಕ 16.5 ಆಗಿತ್ತು, ಪೋರ್ಟಲ್ ಅದನ್ನು 17 ಎಂದು ತೋರಿಸುತ್ತಿದೆ. ಈ 17ನ್ನು ಹಿಡಿದು 20ರಿಂದ 15ಕ್ಕೆ ಇಳಿಸಿದರೆ 12.75 ಬರುತ್ತದೆ. ಅದು ತಪ್ಪು. ಉತ್ತರಪತ್ರಿಕೆಯಲ್ಲಿ ಬಿದ್ದ 33ರಿಂದಲೇ ಶುರು ಮಾಡಿ: 33 × 15 ÷ 40 = 12.375. ಅಸೈನ್‌ಮೆಂಟ್ ಈಗ ಪೂರ್ತಿ 6. ಒಟ್ಟು 25ಕ್ಕೆ 18.375, ಅಂದರೆ ಶೇ 73.5. ಹಳೆಯ ಲೆಕ್ಕದಲ್ಲಿ 25ಕ್ಕೆ 19.5, ಶೇ 78 ಇತ್ತು. ಒಂದಕ್ಷರವೂ ಹೊಸದಾಗಿ ಬರೆಯದೆ ನಾಲ್ಕೂವರೆ ಶೇಕಡಾ ಇಳಿಯಿತು! ಅವಳ ಟೆಸ್ಟ್ ಚೆನ್ನಾಗಿತ್ತು, ಅಸೈನ್‌ಮೆಂಟ್ ಸುಮಾರಾಗಿತ್ತು. ವೇಟೇಜ್ ಏರಿದ್ದು ಸುಮಾರಾಗಿದ್ದದ್ದಕ್ಕೆ.

ಲೆಕ್ಕ ಸರಿ ಇದೆಯಾ ಎಂದು ನೋಡಲು ಹೊಸ ಗರಿಷ್ಠ ಅಂಕಗಳನ್ನೆಲ್ಲ ಕೂಡಿ. 100 ಬರಲೇಬೇಕು. 105 ಬಂದರೆ ಎಲ್ಲೋ ಒಂದು ಹಳೆಯ 20 ಉಳಿದುಕೊಂಡಿದೆ ಎಂದರ್ಥ. ಸೀನಿಯರ್‌ಗಳ ಎಕ್ಸೆಲ್ ಶೀಟ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ, ಅದನ್ನು ಬಳಸಲೇಬೇಡಿ. ಹಳೆಯ ವೇಟೇಜ್ ಫಾರ್ಮುಲಾದೊಳಗೇ ಕೂತಿರುತ್ತದೆ. ಎಲ್ಲ ಶೇಕಡಾವಾರು ಸೇರಿಸಿ ಸುಮ್ನೆ ಸರಾಸರಿ ತೆಗೆಯುವ ಆ್ಯಪ್‌ಗಳೂ ಬೇಡ. ನನ್ನ ಪ್ರಕಾರ ಕಾಗದ, ಪೆನ್ಸಿಲ್ ಸಾಕು. ಎಕ್ಸೆಲ್ಲೇ ಬೇಕೆಂದರೆ ಪಡೆದ ಅಂಕ B, ಗರಿಷ್ಠ C, ಹೊಸ ವೇಟೇಜ್ D ಕಾಲಂನಲ್ಲಿಟ್ಟು ಹೀಗೆ ಬರೆಯಿರಿ:

```
=B2/C2*D2
```

ಮುಂದೆ ಎಷ್ಟು ಬೇಕು? ಗುರಿ 70 ಎಂದಿಟ್ಟುಕೊಂಡರೆ, 70ರಿಂದ 18.375 ಕಳೆದಾಗ 51.625 ಉಳಿಯುತ್ತದೆ. ಅದು ಬರಬೇಕಾದದ್ದು ಬಾಕಿ ಇರುವ 75ರಿಂದ. ಅಂದರೆ ಸುಮಾರು ಶೇ 69.

ಇಷ್ಟಕ್ಕೇ ನಿಲ್ಲಿಸಬೇಡಿ. ಪ್ರತಿಯೊಂದು ಅಂಕವೂ ಕೊನೆಯ ಪರೀಕ್ಷೆಯ ಎಷ್ಟು ಅಂಕಕ್ಕೆ ಸಮ ಎಂದು ನೋಡಿ. ಹಳೆಯ ಪದ್ಧತಿಯಲ್ಲಿ ಟೆಸ್ಟ್‌ನ ಒಂದು ಅಂಕ, ಅಸೈನ್‌ಮೆಂಟ್‌ನ ಒಂದು ಅಂಕ, 100ರ ಪರೀಕ್ಷೆಯ ಒಂದು ಅಂಕ, ಮೂರೂ ಸಮ. ಈಗ ಟೆಸ್ಟ್‌ನ ಒಂದು ಅಂಕ ಪರೀಕ್ಷೆಯ ಮುಕ್ಕಾಲು ಅಂಕಕ್ಕೆ ಸಮ. ಅಸೈನ್‌ಮೆಂಟ್‌ನ ಒಂದು ಅಂಕವೋ, ಎರಡು ಅಂಕಕ್ಕೆ! ಎರಡನೇ ಟೆಸ್ಟ್‌ನಲ್ಲೂ 33 ಬಂದು, ಎರಡನೇ ಅಸೈನ್‌ಮೆಂಟ್‌ನಲ್ಲಿ ಮತ್ತೆ 6 ಬಂದರೆ ಇಂಟರ್ನಲ್ಸ್ 36.75 ಆಗುತ್ತದೆ, ಪರೀಕ್ಷೆಯಲ್ಲಿ 66.5 ಬೇಕು. ಅಸೈನ್‌ಮೆಂಟ್‌ನಲ್ಲಿ 8 ತೆಗೆದರೆ 62.5 ಸಾಕು. ಹಾಗಾಗಿ ಈ ವಾರ ಅಸೈನ್‌ಮೆಂಟ್ ಮುಂದೂಡಿ ಟೆಸ್ಟ್‌ಗೆ ಓದುತ್ತಾ ಕೂರುವುದು ಜಾಣತನವಲ್ಲ.

ಬೇಕಾದ ಅಂಕವನ್ನು ಯಾವಾಗಲೂ ಮೇಲಕ್ಕೇ ಪೂರ್ಣಗೊಳಿಸಿ: 62.5 ಅಂದರೆ 63. ನಡುವಿನ ಯಾವ ಹಂತದಲ್ಲೂ ರೌಂಡ್ ಮಾಡಬೇಡಿ. ಡಿಪಾರ್ಟ್‌ಮೆಂಟ್ ಪ್ರತಿ ಭಾಗವನ್ನೂ ರೌಂಡ್ ಮಾಡುತ್ತದಾ, ಒಟ್ಟನ್ನು ಮಾತ್ರವಾ ಎಂದು ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಕೊನೆಗೆ, ಒಟ್ಟು ಅಂಕ ಸಾಕಾದರೂ ಬೇರೆ ಬೇರೆ ಕನಿಷ್ಠಗಳು ಇರುತ್ತವೆ. ವಿಟಿಯುನ 2022ರ ಸ್ಕೀಮ್‌ನ ಥಿಯರಿ ವಿಷಯಗಳಲ್ಲಿ ಇಂಟರ್ನಲ್ಸ್‌ಗೆ 50ಕ್ಕೆ 20, ಪರೀಕ್ಷೆಗೆ 50ಕ್ಕೆ 18, ಒಟ್ಟು 100ಕ್ಕೆ 40 ಬೇಕು. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು, ನಿಮ್ಮದನ್ನು ನೋಡಿಕೊಳ್ಳಿ. ಇಂಟರ್ನಲ್ಸ್ 20ರ ಆಸುಪಾಸಿನಲ್ಲಿದ್ದವರು ಗುರಿಯ ಲೆಕ್ಕಕ್ಕಿಂತ ಮೊದಲು ಇದನ್ನೇ ಹಾಕಬೇಕು. ಹಳೆಯ ವೇಟೇಜ್‌ನಲ್ಲಿ 20 ದಾಟುವಂತಿದ್ದವರು ಹೊಸದರಲ್ಲಿ 19ಕ್ಕೆ ಇಳಿಯಬಹುದು.