ಅಪಾರ್ಟ್‌ಮೆಂಟ್ ಸಂಘದ ಇಂಗ್ಲಿಷ್ ನೋಟಿಸಿಗೆ ಕನ್ನಡದಲ್ಲಿ ದೂರುಪತ್ರ: ಹಂತ ಹಂತವಾಗಿ

ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ಓಡಾಟ ಶುರುವಾದರೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನ ಪಕ್ಕ ನೀರಿನ ವೆಚ್ಚದ ನೋಟಿಸು ಅಂಟಿಕೊಳ್ಳುತ್ತದೆ. ನೋಟಿಸು ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ಅದಕ್ಕೆ ಕನ್ನಡದಲ್ಲಿ ಆಕ್ಷೇಪಣೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಇಂಥ ಪತ್ರಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ನೋಟಿಸಿನ ಒಟ್ಟು ಅರ್ಥವನ್ನು ಅಂದಾಜಿನಲ್ಲಿ ಹಿಡಿದು ಬರೆಯುವುದರಿಂದ, ಅದು ಹೇಳದ ಮಾತಿಗೆ ಉತ್ತರ ಕೊಟ್ಟು, ಹೇಳಿದ ಮಾತನ್ನು ಬಿಟ್ಟುಬಿಡುತ್ತವೆ. ಆದ್ದರಿಂದ ಪತ್ರಕ್ಕೆ ಕೈಹಾಕುವ ಮೊದಲು ನೋಟಿಸನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿಕೊಳ್ಳಬೇಕು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಮಾರ್ಚ್ 18ರ ದಿನಾಂಕದ ನೋಟಿಸಿನಲ್ಲಿ ನಾಲ್ಕು ಸಾಲುಗಳಿವೆ ಎಂದುಕೊಳ್ಳಿ. ಒಂದು, ಟ್ಯಾಂಕರ್ ವೆಚ್ಚಕ್ಕಾಗಿ ಹೆಚ್ಚುವರಿ ಶುಲ್ಕ ವಿಧಿಸಲು ತೀರ್ಮಾನಿಸಲಾಗಿದೆ. ಎರಡು, ಅದು ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣದ ಚದರಡಿಗೆ ತಿಂಗಳಿಗೆ 1.50 ರೂಪಾಯಿ, ಮಾರ್ಚ್ 1ರಿಂದಲೇ ಜಾರಿ. ಮೂರು, ಮಾರ್ಚ್ 31ರಂದು ಅಥವಾ ಅದಕ್ಕೂ ಮೊದಲು ಕಟ್ಟಬೇಕು, ತಪ್ಪಿದರೆ ತಿಂಗಳಿಗೆ ಶೇ 2ರ ಬಡ್ಡಿ ಬೀಳುತ್ತದೆ. ನಾಲ್ಕು, ಬಾಕಿದಾರರಿಗೆ ನೀರಿನ ಪೂರೈಕೆಯನ್ನು ಮಿತಿಗೊಳಿಸಬಹುದು.

ಅನುವಾದ: ಸಾಲಿಗೊಂದು ಸಂಖ್ಯೆ

ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ನೋಟಿಸಿನ ಇಂಗ್ಲಿಷ್ ವಾಕ್ಯಗಳನ್ನು ಇದ್ದ ಹಾಗೆಯೇ ಬರೆದು ಸಂಖ್ಯೆ ಹಾಕಿ. ಬಲಗಡೆ ಪ್ರತಿಯೊಂದಕ್ಕೂ ಎದುರಾಗಿ ಕನ್ನಡ ಬರೆಯಿರಿ. ಎರಡು ವಾಕ್ಯಗಳನ್ನು ಸೇರಿಸಿ ಸಾರಾಂಶ ಮಾಡಬೇಡಿ. ಈ ಸಂಖ್ಯೆಗಳೇ ಮುಂದೆ ನಿಮ್ಮ ಪತ್ರದ ಬೆನ್ನೆಲುಬು.

ಹೆಚ್ಚು ಎಚ್ಚರ ಬೇಕಾಗಿರುವುದು ಕ್ರಿಯಾಪದದ ಬಲದ ವಿಷಯದಲ್ಲಿ. ನೋಟಿಸಿನಲ್ಲಿ 'ಶಲ್' ಇದ್ದರೆ ಅದು ಕಡ್ಡಾಯ: 'ಬಡ್ಡಿ ವಿಧಿಸಲಾಗುವುದು'. 'ಮೇ' ಇದ್ದರೆ ಅದು ಸಾಧ್ಯತೆ ಮಾತ್ರ: 'ಮಿತಿಗೊಳಿಸಬಹುದು'. 'ಆರ್ ರಿಕ್ವೆಸ್ಟೆಡ್' ಎಂದಿದ್ದರೆ ಅದು ಕೋರಿಕೆ, ಆಜ್ಞೆಯಲ್ಲ. ನಮ್ಮ ಉದಾಹರಣೆಯ ನಾಲ್ಕನೇ ಸಾಲನ್ನು ಓದಿದ ಸಿಟ್ಟಿನಲ್ಲಿ 'ನೀರು ನಿಲ್ಲಿಸುತ್ತೇವೆಂದು ಬೆದರಿಸಿದ್ದೀರಿ' ಎಂದು ಬರೆದರೆ, 'ನಾವು ಹಾಗೆ ಹೇಳಿಯೇ ಇಲ್ಲ' ಎಂಬ ಒಂದೇ ಸಾಲಿನ ಉತ್ತರದಲ್ಲಿ ಕಾರ್ಯದರ್ಶಿ ತಪ್ಪಿಸಿಕೊಳ್ಳುತ್ತಾರೆ. ನೋಟಿಸಿನಲ್ಲಿರುವುದು ನಿಲ್ಲಿಸುವ ಮಾತಲ್ಲ, ಮಿತಿಗೊಳಿಸುವ ಮಾತು, ಅದೂ 'ಬಹುದು'. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಮಿತಿ ಎಂದರೆ ದಿನಕ್ಕೆ ಎಷ್ಟು ಹೊತ್ತು, ಯಾವ ಬೈಲಾ ಪ್ರಕಾರ, ಯಾರ ಆದೇಶದ ಮೇಲೆ? ಇದಕ್ಕೆ ಅಷ್ಟು ಸುಲಭವಾಗಿ ಉತ್ತರ ಬರುವುದಿಲ್ಲ.

ಎರಡನೆಯದು, ಕರ್ತೃ ಇಲ್ಲದ ವಾಕ್ಯ. ಮೊದಲ ಸಾಲಿನ ಇಂಗ್ಲಿಷ್ 'ತೀರ್ಮಾನಿಸಲಾಗಿದೆ' ಎನ್ನುತ್ತದೆಯೇ ಹೊರತು ತೀರ್ಮಾನಿಸಿದವರು ಯಾರು ಎನ್ನುವುದಿಲ್ಲ. ಅನುವಾದದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ತೋರಿಸಿ: '______ ಅವರು ______ ದಿನಾಂಕದ ಸಭೆಯಲ್ಲಿ ತೀರ್ಮಾನಿಸಿದ್ದಾರೆ'. ಖಾಲಿ ಉಳಿದ ಆ ಎರಡು ಗೆರೆಗಳೇ ನಿಮ್ಮ ಮೊದಲ ಪ್ರಶ್ನೆ. ಕಾರ್ಯಕಾರಿ ಸಮಿತಿ ಕೂತು ಮಾಡಿದ ತೀರ್ಮಾನಕ್ಕೂ ಸರ್ವಸದಸ್ಯರ ಸಭೆಯ ಗೊತ್ತುವಳಿಗೂ ಬಹಳ ವ್ಯತ್ಯಾಸವಿದೆ. ಹೊಸ ಶುಲ್ಕ ಹಾಕುವ ಅಧಿಕಾರ ಯಾರಿಗಿದೆ ಎಂಬುದು ನಿಮ್ಮ ಸಂಘದ ಬೈಲಾದಲ್ಲಿರುತ್ತದೆ.

ಇನ್ನು ಹಣ, ದಿನಾಂಕ, ವ್ಯಕ್ತಿ. 'ಓನರ್ಸ್' ಎಂದಿದ್ದರೆ ಮಾಲೀಕರು, 'ರೆಸಿಡೆಂಟ್ಸ್' ಎಂದಿದ್ದರೆ ನಿವಾಸಿಗಳು. ಬಾಡಿಗೆಯವರು ಎರಡನೆಯದರಲ್ಲಿ ಮಾತ್ರ ಬರುತ್ತಾರೆ. 'ಆನ್ ಆರ್ ಬಿಫೋರ್' ಎಂದರೆ 31ನೇ ತಾರೀಖೂ ಸೇರಿದೆ. 'ಪ್ರೊ ರೇಟಾ' ಎಂದರೆ ಸಮಪಾಲು ಅಲ್ಲ, ಪ್ರಮಾಣಕ್ಕೆ ತಕ್ಕ ಪಾಲು; ಇಲ್ಲಿ ಅದು ವಿಸ್ತೀರ್ಣದ ಪ್ರಮಾಣ.

ಲೆಕ್ಕ ಹಾಕಿ ನೋಡುವುದು

ನಿಮ್ಮ ಮನೆ 1,200 ಚದರಡಿ ಎಂದಾದರೆ 1,200 × 1.50, ಅಂದರೆ ತಿಂಗಳಿಗೆ 1,800 ರೂಪಾಯಿ. ತಡವಾದರೆ ಶೇ 2ರಂತೆ ತಿಂಗಳಿಗೆ 36 ರೂಪಾಯಿ ಬಡ್ಡಿ. ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ 24. ಬೈಲಾದಲ್ಲಿ ಬಡ್ಡಿದರ ಸಾಮಾನ್ಯವಾಗಿ ವಾರ್ಷಿಕ ಲೆಕ್ಕದಲ್ಲಿರುವುದರಿಂದ, ಹೀಗೆ ಪರಿವರ್ತಿಸಿ ಹೋಲಿಸದಿದ್ದರೆ ದರ ಮಿತಿ ಮೀರಿರುವುದು ಕಣ್ಣಿಗೆ ಬೀಳುವುದಿಲ್ಲ.

ಇಲ್ಲೊಂದು ಮುಖ್ಯ ಮಾತು. ಮನೆಗೆ ಮೀಟರ್ ಇದ್ದೂ ಚದರಡಿ ಲೆಕ್ಕದಲ್ಲಿ ನೀರಿನ ಹಣ ಕೇಳಿದರೆ ಅನ್ಯಾಯ ಅನ್ನಿಸುವುದು ಸಹಜ. ಇಬ್ಬರೇ ಇರುವ ದೊಡ್ಡ ಮನೆ, ಆರು ಜನರಿರುವ ಚಿಕ್ಕ ಮನೆಗಿಂತ ಹೆಚ್ಚು ಕಟ್ಟುತ್ತದೆ. ಆದರೂ ಅದನ್ನು 'ಕಾನೂನುಬಾಹಿರ' ಎಂದು ಬರೆಯಬೇಡಿ. ಕರ್ನಾಟಕದ ಸಂಘಗಳು ಮುಖ್ಯವಾಗಿ ಮೂರು ಕಾಯ್ದೆಗಳಲ್ಲಿ ಒಂದರ ಅಡಿ ಇರುತ್ತವೆ: 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1960ರ ಸಂಘಗಳ ನೋಂದಣಿ ಕಾಯ್ದೆ, 1959ರ ಸಹಕಾರ ಸಂಘಗಳ ಕಾಯ್ದೆ. ಇವುಗಳಲ್ಲಿ 1972ರ ಕಾಯ್ದೆಯೇ, ಸಾಮಾನ್ಯ ವೆಚ್ಚವನ್ನು, ಎಲ್ಲರಿಗೂ ಸೇರಿದ ಜಾಗ ಮತ್ತು ಸೌಲಭ್ಯಗಳಲ್ಲಿ ಪ್ರತಿ ಮನೆಗಿರುವ ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಬೇಕು ಎನ್ನುತ್ತದೆ. ಆ ಪಾಲು ಸಾಮಾನ್ಯವಾಗಿ ಮನೆ ದೊಡ್ಡದಾದಷ್ಟೂ ದೊಡ್ಡದು. ಹಾಗಾಗಿ ಗಟ್ಟಿಯಾದ ವಾದ ಇಷ್ಟು: ಮೀಟರ್ ಇದ್ದೂ ಅದನ್ನು ಬಿಟ್ಟದ್ದಕ್ಕೆ ಕಾರಣವೇನು, ಈ ಹಂಚಿಕೆಗೆ ಆಧಾರವಾದ ಬೈಲಾ ಯಾವುದು? ಮಾರ್ಚ್ 18ರ ನೋಟಿಸು ಮಾರ್ಚ್ 1ರಿಂದಲೇ ಜಾರಿ ಎನ್ನುವುದು ಇದಕ್ಕಿಂತಲೂ ಗಟ್ಟಿಯಾದ ಆಕ್ಷೇಪ. ಅದನ್ನು ನೋಟಿಸಿನಲ್ಲಿರುವ ಎರಡು ದಿನಾಂಕಗಳಿಂದಲೇ ತೋರಿಸಬಹುದು.

ಪತ್ರದ ಒಡಲು

ಪತ್ರ ಒಂದು ಪುಟ ದಾಟದಿರಲಿ. ವಿಷಯ, ಉಲ್ಲೇಖ, ಆಕ್ಷೇಪ, ಕೋರಿಕೆ, ಲಗತ್ತು ಇಷ್ಟು ಸಾಕು. ಉಲ್ಲೇಖದಲ್ಲಿ ನೋಟಿಸಿನ ದಿನಾಂಕ, ಸಂಖ್ಯೆ ಇದ್ದರೆ ಸಂಖ್ಯೆ, ಅದು ನಿಮಗೆ ತಲುಪಿದ ಬಗೆ ಇರಬೇಕು. ಪ್ರತಿ ಆಕ್ಷೇಪವೂ ನೋಟಿಸಿನ ಯಾವ ಸಾಲಿಗೆ ಉತ್ತರ ಎಂದು ಹೇಳಿಯೇ ಶುರುವಾಗಲಿ. ಅಂಕಿಗಳನ್ನು 1, 2, 3 ರೂಪದಲ್ಲೇ ಬರೆಯಿರಿ. ಸಮಿತಿಯಲ್ಲಿ ಕನ್ನಡ ಓದಲಾರದವರಿದ್ದರೂ ಸಾಲು ಸಂಖ್ಯೆ, ಮೊತ್ತ, ದಿನಾಂಕ ನೋಡಿ ಪತ್ರ ಯಾವುದರ ಬಗ್ಗೆ ಎಂದು ಗುರುತಿಸಬಲ್ಲರು. ನಮ್ಮ ಉದಾಹರಣೆಗೆ ಪತ್ರ ಹೀಗಿರಬಹುದು:

> ಗೆ,
> ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
> (ಸಂಘದ ನೋಂದಾಯಿತ ಹೆಸರು, ವಿಳಾಸ)
>
> ಮಾನ್ಯರೇ,
>
> ವಿಷಯ: ಟ್ಯಾಂಕರ್ ನೀರಿನ ಹೆಚ್ಚುವರಿ ಶುಲ್ಕಕ್ಕೆ ಆಕ್ಷೇಪಣೆ.
> ಉಲ್ಲೇಖ: ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸಿದ, ಮಾರ್ಚ್ 18ರ ದಿನಾಂಕದ ತಮ್ಮ ಇಂಗ್ಲಿಷ್ ನೋಟಿಸು.
>
> ನಾನು (ಮನೆ ಸಂಖ್ಯೆ)ಯ ಮಾಲೀಕನಾಗಿದ್ದು, ಫೆಬ್ರುವರಿ ಕೊನೆಯವರೆಗಿನ ನಿರ್ವಹಣಾ ಶುಲ್ಕವನ್ನು ಪೂರ್ತಿ ಪಾವತಿಸಿದ್ದೇನೆ. ಉಲ್ಲೇಖಿತ ನೋಟಿಸಿನ ಬಗ್ಗೆ ನನ್ನ ಆಕ್ಷೇಪಣೆಗಳು ಹೀಗಿವೆ.
>
> 1. ಸಾಲು 1: ಶುಲ್ಕದ ತೀರ್ಮಾನವನ್ನು ಯಾವ ಸಭೆ, ಯಾವ ದಿನ ಕೈಗೊಂಡಿತು ಎಂಬುದು ನೋಟಿಸಿನಲ್ಲಿಲ್ಲ. ಆ ಸಭೆಯ ನಡಾವಳಿಯ ಪ್ರತಿ ಒದಗಿಸಬೇಕು.
> 2. ಸಾಲು 2: ಮಾರ್ಚ್ 18ರಂದು ಹೊರಡಿಸಿದ ನೋಟಿಸಿನಿಂದ ಮಾರ್ಚ್ 1ರಿಂದಲೇ ಶುಲ್ಕ ವಿಧಿಸಿರುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಮನೆಗೂ ನೀರಿನ ಮೀಟರ್ ಇರುವಾಗ ವಿಸ್ತೀರ್ಣದ ಮೇಲೆ ಹಂಚಲು ಆಧಾರವಾದ ಬೈಲಾ ಯಾವುದೆಂದು ತಿಳಿಸಬೇಕು.
> 3. ಸಾಲು 3: ತಿಂಗಳಿಗೆ ಶೇ 2, ಅಂದರೆ ವರ್ಷಕ್ಕೆ ಶೇ 24ರ ಬಡ್ಡಿಗೆ ಆಧಾರವಾದ ಬೈಲಾ ತಿಳಿಸಬೇಕು.
> 4. ಸಾಲು 4: ನೀರಿನ ಪೂರೈಕೆಯನ್ನು 'ಮಿತಿಗೊಳಿಸಬಹುದು' ಎಂದರೆ ದಿನಕ್ಕೆ ಎಷ್ಟು ಹೊತ್ತು, ಯಾವ ಬೈಲಾ ಪ್ರಕಾರ, ಯಾರ ಆದೇಶದ ಮೇಲೆ ಎಂದು ತಿಳಿಸಬೇಕು. ಈ ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಅಂಥ ಕ್ರಮ ಕೈಗೊಳ್ಳಬಾರದು.
>
> ಮಾರ್ಚ್ ತಿಂಗಳ ಟ್ಯಾಂಕರ್ ಬಿಲ್ಲುಗಳನ್ನು ಪರಿಶೀಲಿಸಲು ಅವಕಾಶ ಕೊಡಬೇಕೆಂದೂ, ಮಾರ್ಚ್ 29ರೊಳಗೆ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇನೆ.
>
> ವಂದನೆಗಳೊಂದಿಗೆ,
> (ಸಹಿ, ಹೆಸರು, ಮನೆ ಸಂಖ್ಯೆ, ದಿನಾಂಕ)
>
> ಲಗತ್ತು: ನೋಟಿಸಿನ ಪ್ರತಿ, ಅದರ ಸಾಲುವಾರು ಕನ್ನಡ ಅನುವಾದ.

'ದುರುಪಯೋಗ', 'ಕಮಿಷನ್' ಎಂಬ ಮಾತುಗಳು ಇಲ್ಲಿಲ್ಲದಿರುವುದನ್ನು ಗಮನಿಸಿ. ಬಿಲ್ಲು ನೋಡದೆ ಹಾಗೆ ಬರೆದರೆ ಸಭೆಯಲ್ಲಿ ಚರ್ಚೆ ಶುಲ್ಕ ಬಿಟ್ಟು ನಿಮ್ಮ ಆರೋಪದ ಕಡೆ ಹೊರಳುತ್ತದೆ. ಬಿಲ್ಲು ಕೇಳಿದ್ದು ಸಾಕು. ಅನುಮಾನವಿದ್ದರೆ ಟ್ಯಾಂಕರ್ ಬಂದ ದಿನ, ಲೀಟರ್, ದರ ಮೂರನ್ನೂ ಸೆಕ್ಯುರಿಟಿ ಗೇಟಿನ ರಿಜಿಸ್ಟರಿನೊಂದಿಗೆ ತಾಳೆ ನೋಡಿ. ಬಾಡಿಗೆಗಿರುವವರು ಬರೆಯುವುದಾದರೆ ಮಾಲೀಕರ ಸಹಿಯನ್ನೂ ಹಾಕಿಸಿ. ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಸಂಘಗಳಲ್ಲಿ ಸದಸ್ಯರು ಮಾಲೀಕರೇ ಆದ್ದರಿಂದ, ನಡಾವಳಿ ಕೇಳಿದಾಗ 'ನೀವು ಸದಸ್ಯರಲ್ಲ' ಎಂಬ ಉತ್ತರ ಬರಬಹುದು.

ಟೈಪ್ ಮಾಡುವುದು, ತಲುಪಿಸುವುದು

ಕಂಪ್ಯೂಟರಿನಲ್ಲಿ ಬರೆಯುವುದಾದರೆ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಇಮೇಲಿಗೆ ಅಂಟಿಸಿದರೆ, ಓದುವವರಿಗೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಕಳಿಸುವ ಮುನ್ನ ಪಿಡಿಎಫ್ ಮಾಡಿ ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ. ಒತ್ತಕ್ಷರ ಎಲ್ಲಾದರೂ ಒಡೆದಿದ್ದರೆ ಗೊತ್ತಾಗುತ್ತದೆ.

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಸಂಘದ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ 'ಸ್ವೀಕರಿಸಿದೆ' ಎಂದು ದಿನಾಂಕ, ಸಹಿ, ಮೊಹರು ಹಾಕಿಸಿಕೊಳ್ಳಿ. ಮ್ಯಾನೇಜರ್ ಸಹಿಗೆ ಒಪ್ಪದಿದ್ದರೆ ಜಗಳ ಬೇಡ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಸಂಘದ ನೋಂದಾಯಿತ ವಿಳಾಸಕ್ಕೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದನ್ನೇ ಪತ್ರ ಕೊಟ್ಟಂತೆ ಎಣಿಸಬೇಡಿ; ಮರುಕ್ಷಣವೇ ಅದರ ಮೇಲೆ ನೂರು ಸಂದೇಶ ಬಂದು ಕೂರುತ್ತದೆ.

ಉತ್ತರಕ್ಕೆ ಕಾಯುತ್ತಾ ಮಾಮೂಲಿ ನಿರ್ವಹಣಾ ಶುಲ್ಕವನ್ನು ತಡೆಹಿಡಿಯಬೇಡಿ. ತಡೆದರೆ ನೀವು ನಿಜಕ್ಕೂ ಬಾಕಿದಾರರಾಗುತ್ತೀರಿ. ಎಷ್ಟೋ ಬೈಲಾಗಳಲ್ಲಿ ಬಾಕಿ ಇರುವವರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ. ವಿವಾದದ 1,800 ರೂಪಾಯಿಯನ್ನು 31ರೊಳಗೆ ಬೇರೆಯಾಗಿ ಕಟ್ಟುವುದು ಕ್ಷೇಮ. ಆನ್‌ಲೈನಿನಲ್ಲಿ ಕಟ್ಟುವಾಗ ಟಿಪ್ಪಣಿಯ ಜಾಗದಲ್ಲಿ `Paid under protest` ಎಂದು ಹಾಕಿ, ಅದೇ ದಿನ ಕಚೇರಿಗೆ ಒಂದು ಸಾಲಿನ ಇಮೇಲ್ ಕಳಿಸಿ: 'ನನ್ನ ಆಕ್ಷೇಪಣೆಗೆ ಒಳಪಟ್ಟು ಈ ಮೊತ್ತ ಪಾವತಿಸಿದ್ದೇನೆ'. ಇದರಿಂದ ಬಡ್ಡಿಯ ಪ್ರಶ್ನೆ ಏಳುವುದಿಲ್ಲ, ಶುಲ್ಕವನ್ನು ಒಪ್ಪಿಕೊಂಡಂತೆಯೂ ಆಗುವುದಿಲ್ಲ.

29ರೊಳಗೆ ಉತ್ತರ ಬಾರದಿದ್ದರೆ ಎರಡನೇ ಪತ್ರದಲ್ಲಿ ಹೊಸ ವಾದ ಬೇಡ. ಮೊದಲ ಪತ್ರದ ದಿನಾಂಕ ಮತ್ತು ಸ್ವೀಕೃತಿಯನ್ನು ಉಲ್ಲೇಖದಲ್ಲಿ ಹಾಕಿ, ಆ ನಾಲ್ಕು ಪ್ರಶ್ನೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಕೇಳಿ. ಇದೇ ಶುಲ್ಕ ಬಿದ್ದಿರುವ ಬೇರೆ ಮಾಲೀಕರ ಸಹಿಯನ್ನೂ ಸೇರಿಸಿ. ವಿಶೇಷ ಸಭೆ ಕರೆಯಲು ಎಷ್ಟು ಸದಸ್ಯರ ಸಹಿ ಬೇಕೆಂಬುದು ಬೈಲಾದಲ್ಲೇ ಇರುತ್ತದೆ.